ಮೊದಲು ಯುನಿಟ್ ಹುಡುಕಿ, ಹಾಸಿಗೆ ಆಮೇಲೆ

ಪ್ರಶ್ನೆ: ನಮಸ್ಕಾರ್ರೀ ಸಿಸ್ಟರ್. ನಾವು ಇಂಡಿ ಕಡೆಯವರು. ನನ್ನ ತಮ್ಮ ಮುಂಬೈದಾಗ ಕಟ್ಟಡದ ಕೆಲಸಕ್ಕ ಇದ್ದ. ಪರಾಂಚಿ ಮ್ಯಾಲಿಂದ ಬಿದ್ದಾನ, ದೊಡ್ಡ ಸರ್ಕಾರಿ ದವಾಖಾನಿಗೆ ಹಾಕೀವಿ ಅಂತ ಜೋಡೀದಾರ ಫೋನ್ ಮಾಡಿದ. ಆಮ್ಯಾಲೆ ಅವನ ಫೋನ್ ಹತ್ತಲಿಲ್ಲ. ರೈಲು ಹತ್ತಿ ಬಂದು ವಾರ್ಡ್ ವಾರ್ಡ್ ತಿರುಗಿದೆ. ಒಬ್ಬರು ಹಳೇ ಬಿಲ್ಡಿಂಗ್ ಅಂದ್ರು, ಒಬ್ಬರು ಮ್ಯಾಲಿನ ಮಜಲಾ ಅಂದ್ರು. ತಮ್ಮ ಸಿಗೂದ್ರಾಗ ಸಂಜಿ ಆತು. ನಮ್ಮೂರಿನಿಂದ ಇನ್ನೂ ಭಾಳ ಮಂದಿ ಅಲ್ಲಿ ದುಡೀತಾರ. ಹಿಂಗಾದಾಗ ಎಲ್ಲಿಂದ ಹುಡುಕಬೇಕು, ಯಾರನ್ನ ಏನು ಕೇಳಬೇಕು?

ಉತ್ತರ (ಮುಂಬೈಯ ನಿವೃತ್ತ ವಾರ್ಡ್ ಸಿಸ್ಟರ್):

ನೀವು ವಾರ್ಡಿನಿಂದ ಶುರು ಮಾಡಿದಿರಿ, ದಿನ ಹೋದದ್ದು ಅಲ್ಲೇ. ಈ ಆಸ್ಪತ್ರೆಗಳಲ್ಲಿ ರೋಗಿಯ ಹಾಸಿಗೆ ಎರಡು ದಿನದಲ್ಲಿ ಮೂರು ಸಲ ಬದಲಾಗಬಹುದು. ಸಾಮಾನ್ಯವಾಗಿ ಬದಲಾಗದೆ ಉಳಿಯುವುದು ಒಂದೇ, ಅವನ ಯುನಿಟ್. ಅದು ಗೊತ್ತಾದರೆ ವಾರ್ಡು ಗೊತ್ತಾಗುತ್ತದೆ, ವಾರ್ಡಿನಲ್ಲಿ ಸಿಸ್ಟರ್ ಮೇಜಿನ ಹತ್ತಿರ ಹೋದರೆ ಹಾಸಿಗೆ ಗೊತ್ತಾಗುತ್ತದೆ.

ಯುನಿಟ್ ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇದನ್ನು ಹೊರಗಿನವರಿಗೆ ಯಾರೂ ಹೇಳುವುದಿಲ್ಲ. ಮುಂಬೈಯ ಕೆಇಎಂ, ಸಯನ್, ನಾಯರ್, ಜೆಜೆ, ಪುಣೆಯ ಸಸೂನ್, ಗೋವಾದ ಬಾಂಬೋಳಿ ಎಲ್ಲವೂ ಮೆಡಿಕಲ್ ಕಾಲೇಜಿಗೆ ಸೇರಿದ ಆಸ್ಪತ್ರೆಗಳು. ಇಲ್ಲಿ ಮೂಳೆಯ ವಿಭಾಗ, ಸರ್ಜರಿ ವಿಭಾಗ, ಮೆಡಿಸಿನ್ ವಿಭಾಗ ಒಂದೊಂದೂ ಹಲವು ಯುನಿಟ್‌ಗಳಾಗಿ ಒಡೆದಿರುತ್ತದೆ. ಒಂದು ಯುನಿಟ್ಟಿಗೆ ಒಬ್ಬ ಮುಖ್ಯ ಡಾಕ್ಟರು, ಅವರ ಕೈಕೆಳಗೆ ಇನ್ನು ಕೆಲವರು, ಕೆಳಗೆ ಹಗಲು ರಾತ್ರಿ ಓಡಾಡುವ ರೆಸಿಡೆಂಟ್ ಹುಡುಗ ಹುಡುಗಿಯರು. ವಾರದಲ್ಲಿ ಪ್ರತಿ ಯುನಿಟ್ಟಿಗೂ ಒಪಿಡಿ ದಿನ ಬೇರೆ, ಆಪರೇಷನ್ ದಿನ ಬೇರೆ, ಇಮರ್ಜೆನ್ಸಿ ದಿನ ಬೇರೆ. ಇವತ್ತು ಮೂಳೆ ವಿಭಾಗದಲ್ಲಿ ಎರಡನೇ ಯುನಿಟ್ಟಿನ ಇಮರ್ಜೆನ್ಸಿ ಅಂದರೆ, ಈ ದಿನ ಕೈಕಾಲು ಮುರಿದುಕೊಂಡು ಬಂದು ಅಡ್ಮಿಟ್ ಆದವರೆಲ್ಲ ಎರಡನೇ ಯುನಿಟ್ಟಿನ ರೋಗಿಗಳು. ನಾಳೆ ಜಾಗ ಇಲ್ಲವೆಂದು ಬೇರೆ ಕಟ್ಟಡಕ್ಕೆ ಸಾಗಿಸಿದರೂ ಬೆಳಗಿನ ರೌಂಡಿಗೆ ಅವರನ್ನು ಹುಡುಕಿಕೊಂಡು ಬರುವವರು ಅದೇ ಯುನಿಟ್ಟಿನ ಡಾಕ್ಟರುಗಳು. ಹಾಗಾಗಿ ಬಂದ ದಿನ ಮತ್ತು ವಿಭಾಗ, ಇವೆರಡು ನಿಮ್ಮ ಕೈಯಲ್ಲಿದ್ದರೆ ಯುನಿಟ್ ಸಿಕ್ಕಿದ ಹಾಗೆ.

ಇದರಲ್ಲಿ ಒಂದು ತೊಡಕು ಇದೆ. ಇಮರ್ಜೆನ್ಸಿ ದಿನ ಮಧ್ಯರಾತ್ರಿಗೆ ಮುಗಿಯುವುದಿಲ್ಲ. ಸಾಮಾನ್ಯವಾಗಿ ಬೆಳಿಗ್ಗೆ ಎಂಟು ಒಂಬತ್ತರ ಹೊತ್ತಿಗೆ ಒಂದು ಯುನಿಟ್ ಇಳಿದು ಇನ್ನೊಂದು ಹತ್ತುತ್ತದೆ. ರಿಜಿಸ್ಟರಿನ ತಾರೀಖು ಮಾತ್ರ ರಾತ್ರಿ ಹನ್ನೆರಡಕ್ಕೇ ತಿರುಗುತ್ತದೆ. ಶನಿವಾರ ರಾತ್ರಿ ಒಂದೂವರೆಗೆ ಬಂದವನನ್ನು ಪುಸ್ತಕದಲ್ಲಿ ಭಾನುವಾರದ ಹಾಳೆಯಲ್ಲಿ ಹುಡುಕಬೇಕು, ಯುನಿಟ್ ಕೇಳುವಾಗ ಶನಿವಾರದ್ದು ಕೇಳಬೇಕು. ಮನೆಯವರು "ಶನಿವಾರ ರಾತ್ರಿ" ಅಂತಾರೆ, ಗುಮಾಸ್ತ ಶನಿವಾರದ ಹಾಳೆ ತಿರುವಿ "ಇಲ್ಲ" ಅಂತಾನೆ. ಇಬ್ಬರದೂ ಸುಳ್ಳಲ್ಲ, ಆದರೂ ರೋಗಿ ಸಿಗುವುದಿಲ್ಲ.

ಊರಿನಿಂದ ಹೊರಡುವ ಮೊದಲೇ ಆಗಬೇಕಾದ ಕೆಲಸ ಒಂದಿದೆ. ಫೋನ್ ಮಾಡಿದವನಿಗೆ, ಅವನ ಫೋನ್ ಸತ್ತುಹೋಗುವ ಮುಂಚೆ, ಕೇಸ್ ಪೇಪರಿನ ಫೋಟೋ ವಾಟ್ಸಾಪ್ ಮಾಡಲು ಹೇಳಿ. ಬೇರೆ ಏನೂ ಕೇಳದಿದ್ದರೂ ಇದನ್ನು ಕೇಳಿ. ಆ ಹಾಳೆಯ ತಲೆಯ ಮೇಲೆ ಆಸ್ಪತ್ರೆಯ ಹೆಸರು ಅಚ್ಚಾಗಿರುತ್ತದೆ, ಕೆಳಗೆ ರೋಗಿಯ ಹೆಸರನ್ನು ಅವರು ಹೇಗೆ ಬರೆದುಕೊಂಡಿದ್ದಾರೋ ಹಾಗೆ ಇರುತ್ತದೆ, ತಾರೀಖು, ಗಂಟೆ, ನೋಂದಣಿ ನಂಬರ್ ಇರುತ್ತದೆ. ಅಡ್ಮಿಟ್ ಆಗಿದ್ದರೆ ಯುನಿಟ್ ಮತ್ತು ವಾರ್ಡು ಕೂಡ ಎಲ್ಲೋ ಮೂಲೆಯಲ್ಲಿ ಡಾಕ್ಟರ ಅಕ್ಷರದಲ್ಲಿ ಇರುತ್ತದೆ. ನಂಬರ್ ಎರಡು ಇರಬಹುದು ಎನ್ನುವುದು ನೆನಪಿರಲಿ. ಅಪಘಾತದವರನ್ನು ಮೊದಲು ತರುವ ಕ್ಯಾಜುಲ್ಟಿಗೆ ಬಂದಾಗ ಕೊಟ್ಟದ್ದು ಒಂದು, ಅಡ್ಮಿಟ್ ಮಾಡಿದಾಗ ಕೊಟ್ಟ ಇಂಡೋರ್ ನಂಬರ್ ಇನ್ನೊಂದು. ವಾರ್ಡಿನವರಿಗೆ ಎರಡನೆಯದು ಗೊತ್ತು, ಕ್ಯಾಜುಲ್ಟಿಯವರಿಗೆ ಮೊದಲನೆಯದು. ತಪ್ಪು ಕಡೆ ತಪ್ಪು ನಂಬರ್ ತೋರಿಸಿದರೆ "ಹಾ ಪೇಶಂಟ್ ಆಮ್ಚಾ ನಾಹಿ" ಅನ್ನುತ್ತಾರೆ, ಅಷ್ಟೇ.

ಹಾಳೆ ಇಲ್ಲದಿದ್ದರೆ ಆಸ್ಪತ್ರೆ ಯಾವುದು ಎನ್ನುವುದನ್ನೇ ಮೊದಲು ಗಟ್ಟಿ ಮಾಡಿಕೊಳ್ಳಬೇಕಾಗುತ್ತದೆ. ಪರೇಲಿನ ಆಚಾರ್ಯ ದೋಂಡೆ ಮಾರ್ಗಕ್ಕೆ ಬಂದು ನಿಂತರೆ ನಿಮಗೇ ತಿಳಿಯುತ್ತದೆ. ಪಾಲಿಕೆಯ ಕೆಇಎಂ ಅಲ್ಲಿದೆ, ಅದರ ಆಸುಪಾಸಿನಲ್ಲೇ ಮಕ್ಕಳ ವಾಡಿಯಾ ಮತ್ತು ಹೆರಿಗೆಯ ವಾಡಿಯಾ ಇವೆ, ಕ್ಯಾನ್ಸರಿನ ಟಾಟಾ ಆಸ್ಪತ್ರೆಯೂ ನಡೆದು ಹೋಗುವಷ್ಟು ಹತ್ತಿರ. ಇವು ಒಂದೇ ಆಸ್ಪತ್ರೆಯ ಬ್ಲಾಕುಗಳಲ್ಲ, ಒಂದರ ರಿಜಿಸ್ಟರಿನಲ್ಲಿ ಇನ್ನೊಂದರ ರೋಗಿ ಇರುವುದಿಲ್ಲ. ಜೋಡೀದಾರ "ಪರೇಲಿನ ದೊಡ್ಡ ಆಸ್ಪತ್ರೆ" ಎಂದರೆ ಮಗುವೋ ದೊಡ್ಡವರೋ ಎಂದು ಕೇಳಿಕೊಳ್ಳಿ. ಕೆಇಎಂ ಹೆಸರಿನ ಆಸ್ಪತ್ರೆ ಪುಣೆಯಲ್ಲೂ ಒಂದಿದೆ, ರಾಸ್ತಾ ಪೇಠೆಯಲ್ಲಿ, ಅದು ಸರ್ಕಾರದ್ದಲ್ಲ. "ಜೆಜೆ" ಎಂದರೂ ಹೀಗೇ: ಭಾಯಖಳಾದ ಜೆಜೆ ಜೊತೆಗೆ ಸೇಂಟ್ ಜಾರ್ಜ್, ಜಿಟಿ, ಕಾಮಾ ಆಸ್ಪತ್ರೆಗಳು ಅದೇ ಸಮೂಹದವೆಂದು ಹೆಸರಾದವು, ಆದರೆ ಆ ಮೂರೂ ಇರುವುದು ಸಿಎಸ್‌ಎಂಟಿ ಸ್ಟೇಷನ್ನಿನ ಕಡೆ. ಸಯನ್ ಆಸ್ಪತ್ರೆಗೆ ಕಾಗದದ ಮೇಲೆ ಲೋಕಮಾನ್ಯ ಟಿಳಕ್ ಆಸ್ಪತ್ರೆ ಎಂದಿರುತ್ತದೆ, ಕೆಲವರು ಎಲ್‌ಟಿಎಂಜಿ ಅನ್ನುತ್ತಾರೆ. ಮೂರೂ ಒಂದೇ.

ಕೆಲವು ರೋಗಗಳನ್ನು ಮುಂಬೈಯ ದೊಡ್ಡ ಆಸ್ಪತ್ರೆಗಳು ಬೇರೆ ಕಡೆಗೂ ಕಳಿಸುತ್ತವೆ. ಟಿಬಿಗೆ ಶಿವಡಿಯ ಆಸ್ಪತ್ರೆ, ಸುಟ್ಟ ಗಾಯಕ್ಕೆ ಮತ್ತು ಅಂಟುರೋಗಕ್ಕೆ ಕಸ್ತೂರಬಾ. ನಿಮ್ಮದು ಬಿದ್ದ ಗಾಯ, ಆ ಗೊಂದಲ ಇರುವುದಿಲ್ಲ.

ಇನ್ನು ಗೇಟಿನೊಳಗೆ ಬಂದಿರಿ ಅನ್ನಿ. ಎದುರಿಗೆ ವಿಚಾರಣೆಯ ಕಿಟಕಿ ಇರುತ್ತದೆ, ಮರಾಠಿಯಲ್ಲಿ "ಚೌಕಶಿ" ಎಂದು ಬರೆದಿರುತ್ತದೆ. ಅಲ್ಲಿ ದಾರಿ ಕೇಳಬಹುದು, ಎರಡು ದಿನದ ಹಿಂದೆ ಅಪಘಾತದಲ್ಲಿ ಬಂದವನ ಹಾಸಿಗೆಯನ್ನು ಅಲ್ಲಿ ಕೇಳಿದರೆ ಉತ್ತರ ಸಿಗುವುದು ಅಪರೂಪ. ನೇರ ಕ್ಯಾಜುಲ್ಟಿಗೆ ಹೋಗಿ. ಬೋರ್ಡಿನಲ್ಲಿ "ಅಪಘಾತ ವಿಭಾಗ" ಎಂದಿರುತ್ತದೆ. ಆಂಬುಲೆನ್ಸುಗಳು ಎಲ್ಲಿ ತಿರುಗಿ ನಿಲ್ಲುತ್ತವೋ ಅದೇ. ಅಪಘಾತದವರೆಲ್ಲ ಆ ಒಂದು ಬಾಗಿಲಿನಿಂದಲೇ ಒಳಗೆ ಬರುವುದು, ಆದ್ದರಿಂದ ಜಾಡು ಶುರುವಾಗುವುದೂ ಅಲ್ಲೇ.

ಕ್ಯಾಜುಲ್ಟಿಯ ಟೇಬಲ್ಲಿನಲ್ಲಿ ಗುಮಾಸ್ತ ಎಷ್ಟೇ ಒಳ್ಳೆಯವನಾದರೂ ನಿಮ್ಮ ಇಡೀ ಕತೆ ಕೇಳುವಷ್ಟು ಪುರುಸೊತ್ತು ಅವನಿಗಿಲ್ಲ. ಒಂದೇ ಉಸಿರಿನಲ್ಲಿ ಹೀಗೆ ಹೇಳಿ: "ಭಾವು, ಶನಿವಾರ್ ರಾತ್ ಕೋ, ಬಾರಾ ಕೇ ಬಾದ್, ಬಿಲ್ಡಿಂಗ್ ಸೇ ಗಿರಾ ಹುವಾ ಪೇಶಂಟ್, ಆದ್ಮಿ, ತೀಸ್ ಸಾಲ್, ಪೈರ್ ಟೂಟಾ ಹೈ." ಹೆಸರು ಕೊನೆಗೆ ಹೇಳಿ. ತಮಾಷೆಗೆ ಹೇಳುತ್ತಿಲ್ಲ. ಹೆಸರಿನಿಂದ ಶುರು ಮಾಡಿದರೆ ಅವನು ಕಂಪ್ಯೂಟರಿನಲ್ಲಿ ಆ ಹೆಸರನ್ನೇ ಹೊಡೆಯುತ್ತಾನೆ, ಬರದಿದ್ದರೆ ಮುಖ ಎತ್ತದೆ "ನಾಹಿ" ಅನ್ನುತ್ತಾನೆ.

ಹೆಸರು ಯಾಕೆ ಸಿಗುವುದಿಲ್ಲ ಎಂದರೆ, ರಾತ್ರಿ ಹೊತ್ತು ರೋಗಿಯನ್ನು ತಂದವರು ಹೇಳಿದ್ದೇ ಹೆಸರು. ಕೂಲಿಯವರನ್ನು ಕೆಲಸಕ್ಕೆ ಹಚ್ಚುವ ಮುಕಾದಮನಿಗೆ ಅವನು "ಬಸು", ಮನೆಯವರಿಗೆ "ಬಸವರಾಜ". ಇನ್ನು ಮಹಾರಾಷ್ಟ್ರದಲ್ಲಿ ಹೆಸರು, ತಂದೆಯ ಹೆಸರು, ಆಡನಾವ ಹೀಗೆ ಮೂರು ಖಾನೆ ತುಂಬುವ ರೂಢಿ. ನಮ್ಮ ಕಡೆಯ ಅಡ್ಡಹೆಸರು ಗೊತ್ತಿಲ್ಲದವರು ಅಪ್ಪನ ಹೆಸರನ್ನೇ ಆಡನಾವ ಮಾಡಿರುತ್ತಾರೆ, ಇಲ್ಲವೇ ಊರಿನ ಹೆಸರನ್ನು ಹಾಕಿರುತ್ತಾರೆ. ಯಲ್ಲಪ್ಪ ಎನ್ನುವುದು ಅವರ ಕಿವಿಗೆ ಎಲಪ್ಪಾ ಆಗುತ್ತದೆ, ಇಂಗ್ಲಿಷಿನಲ್ಲಿ ಬರೆಯುವಾಗ ವೈ ಅಕ್ಷರದ ಬದಲು ಇ ಅಕ್ಷರದಿಂದ ಶುರುವಾಗುತ್ತದೆ. ಶರಣಪ್ಪ, ಶ್ರಾವಣ ಆದದ್ದನ್ನು ನಾನು ಕಂಡಿದ್ದೇನೆ. ವಯಸ್ಸು ಅಂದಾಜಿನದು, ಐದು ಹತ್ತು ವರ್ಷ ಆಚೀಚೆ. ಆದರೆ ಗಂಡಸೋ ಹೆಂಗಸೋ, ಏನಾಗಿ ಬಂದದ್ದು, ಯಾವ ಹೊತ್ತಿಗೆ ಬಂದದ್ದು, ಇವು ತಪ್ಪುವುದು ಕಡಿಮೆ. ಆ ರಾತ್ರಿಯ ಹಾಳೆಯ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಇಳಿದರೆ "ಎತ್ತರದಿಂದ ಬಿದ್ದದ್ದು" ಎಂಬ ಗುರುತಿನ ಸಾಲುಗಳು ನಾಲ್ಕೈದು ಇರಬಹುದು, ಹೆಚ್ಚಿಲ್ಲ.

ಬಂದ ಹೊತ್ತಿನ ಲೆಕ್ಕದಲ್ಲಿ ಇನ್ನೊಂದು ಜಾರುವ ಜಾಗ ಇದೆ. ಅಪಘಾತ ಕಲ್ಯಾಣದಲ್ಲೋ ಭಿವಂಡಿಯಲ್ಲೋ ಆಗಿದ್ದರೆ ಮೊದಲು ಅಲ್ಲಿನ ಸರ್ಕಾರಿ ಆಸ್ಪತ್ರೆಗೆ ಒಯ್ದಿರುತ್ತಾರೆ, ಅಲ್ಲಿಂದ ಚೀಟಿ ಬರೆದು ಮುಂಬೈಗೆ ಕಳಿಸುತ್ತಾರೆ. ಸಂಜೆ ಆರಕ್ಕೆ ಬಿದ್ದವನು ಪರೇಲಿನ ಪುಸ್ತಕದಲ್ಲಿ ರಾತ್ರಿ ಹನ್ನೊಂದಕ್ಕೆ, ಕೆಲವೊಮ್ಮೆ ಮರುದಿನ ಬೆಳಿಗ್ಗೆ ಕಾಣಿಸಿಕೊಳ್ಳುತ್ತಾನೆ. ಬಿದ್ದ ಹೊತ್ತಿನಿಂದ ಮುಂದಿನ ಹನ್ನೆರಡು ತಾಸಿನ ಸಾಲುಗಳನ್ನು ನೋಡಲು ಹೇಳಿ.

ಗುಮಾಸ್ತನ ಹತ್ತಿರ ಆಗಲಿಲ್ಲ ಎಂದರೆ ಪಕ್ಕದಲ್ಲೇ ಪೊಲೀಸ್ ಇರುತ್ತಾರೆ. ಕೆಲಸದ ಜಾಗದಲ್ಲಿ ಬಿದ್ದದ್ದು, ಗಾಡಿ ಬಡಿದದ್ದು, ಸುಟ್ಟದ್ದು, ವಿಷ ಕುಡಿದದ್ದು ಎಲ್ಲವೂ ಎಂ.ಎಲ್.ಸಿ., ಅಂದರೆ ಪೊಲೀಸರಿಗೆ ತಿಳಿಸಲೇಬೇಕಾದ ಕೇಸು. ಕ್ಯಾಜುಲ್ಟಿಯಲ್ಲಿ ಡ್ಯೂಟಿಯ ಮೇಲಿರುವ ಕಾನ್‌ಸ್ಟೇಬಲ್ ಇದನ್ನು ತನ್ನ ಪುಸ್ತಕದಲ್ಲಿ ಬೇರೆಯಾಗಿ ಬರೆದಿರುತ್ತಾರೆ, ತಂದವರ ಹೆಸರು ಮತ್ತು ಫೋನ್ ನಂಬರ್ ಸಮೇತ. ನಿಮ್ಮ ಜೋಡೀದಾರನ ಹೆಸರು ಹೇಳಿದರೂ ಆ ಸಾಲು ಸಿಗಬಹುದು. ಇದು ಹಲವರಿಗೆ ಹೊಳೆಯುವುದೇ ಇಲ್ಲ. ಪೊಲೀಸ್ ಎಂದರೆ ದೂರ ನಿಲ್ಲುತ್ತಾರೆ. ರೈಲಿನಿಂದ ಬಿದ್ದವರಾದರೆ ದಾಖಲೆ ರೈಲ್ವೆ ಪೊಲೀಸರ ಹತ್ತಿರ ಇರುತ್ತದೆ, ಅವರ ಸಹಾಯವಾಣಿ 1512.

ಸಾಲು ಸಿಕ್ಕಿತು ಎನ್ನಿ. ಅದರ ಎದುರಿಗೆ ರೋಗಿ ಎಲ್ಲಿಗೆ ಹೋದ ಎನ್ನುವುದು ಇರುತ್ತದೆ: ಔಷಧಿ ಕೊಟ್ಟು ಕಳಿಸಿದ್ದು, ಅಡ್ಮಿಟ್ ಆದದ್ದು, ಬೇರೆ ಆಸ್ಪತ್ರೆಗೆ ಕಳಿಸಿದ್ದು, ಇಲ್ಲವೇ ತೀರಿಕೊಂಡದ್ದು. ಅಡ್ಮಿಟ್ ಆಗಿದ್ದರೆ ವಿಭಾಗ, ಯುನಿಟ್, ವಾರ್ಡು ಮೂರನ್ನೂ ಚೀಟಿಯಲ್ಲಿ ಬರೆದುಕೊಡಲು ಕೇಳಿ. ವಾರ್ಡ್ ಮಾತ್ರ ಕೇಳಿ ಓಡಬೇಡಿ, ಅದು ಆ ರಾತ್ರಿಯ ವಾರ್ಡು.

ಒಂದು ಕೇಸಿನ ಮೇಲೆ ಇದನ್ನೆಲ್ಲ ತೋರಿಸುತ್ತೇನೆ. ಅಫಜಲಪುರ ಕಡೆಯ ಹೆಂಗಸೊಬ್ಬಳು ಗಂಡನನ್ನು ಹುಡುಕಿಕೊಂಡು ಮಂಗಳವಾರ ಮಧ್ಯಾಹ್ನ ನಮ್ಮ ವಾರ್ಡಿಗೆ ಬಂದಳು. ಸೆಂಟ್ರಿಂಗ್ ಕೆಲಸದವನು, ಶನಿವಾರ ರಾತ್ರಿ ಸ್ಲ್ಯಾಬ್ ಹಾಕುವಾಗ ಬಿದ್ದವನು. ಕ್ಯಾಜುಲ್ಟಿಯಲ್ಲಿ ಶನಿವಾರದ ಹಾಳೆ ನೋಡಿ ಇಲ್ಲ ಎಂದಿದ್ದರು. ಅವಳ ಜೊತೆ ಆಯಾಬಾಯಿಯನ್ನು ಕೊಟ್ಟು, ಭಾನುವಾರದ ಮೊದಲ ಸಾಲುಗಳನ್ನು ನೋಡಿಸು ಎಂದು ಕಳಿಸಿದೆ. ಹನ್ನೆರಡು ನಲವತ್ತಕ್ಕೆ ಒಬ್ಬ ಗಂಡಸು, ಹೆಸರು ಮನೆಯ ಹೆಸರಲ್ಲ, ಮುಕಾದಮ ಕರೆಯುವ ಅಡ್ಡ ಹೆಸರು. ಎದುರಿಗೆ ಬರೆದದ್ದು: ತೊಡೆಯ ಮೂಳೆ ಮುರಿತ, ತಲೆಗೆ ಪೆಟ್ಟು, ಮೂಳೆ ಯುನಿಟ್ಟಿನಲ್ಲಿ ಅಡ್ಮಿಟ್, ನ್ಯೂರೋಸರ್ಜರಿ ರೆಫರೆನ್ಸ್, ಟ್ರಾಮಾ ವಾರ್ಡು.

ಟ್ರಾಮಾ ವಾರ್ಡಿನಲ್ಲಿ ಅವನಿರಲಿಲ್ಲ. ಅಲ್ಲಿ "ನನ್ನ ಗಂಡ ಇದ್ದಾನಾ" ಎಂದು ಕೇಳಿದರೆ ಇಲ್ಲ ಎನ್ನುವುದೇ ಸರಿಯಾದ ಉತ್ತರ. ಕೇಳಬೇಕಾದದ್ದು: "ಸಿಸ್ಟರ್, ಟ್ರಾನ್ಸ್‌ಫರ್ ಔಟ್ ಮೇ ದೇಖಿಯೇ, ಕಿಧರ್ ಗಯಾ?" ಪ್ರತಿ ವಾರ್ಡಿನಲ್ಲೂ ಒಂದು ಪುಸ್ತಕ ಇರುತ್ತದೆ, ಯಾರು ಒಳಗೆ ಬಂದರು, ಯಾರು ಯಾವ ವಾರ್ಡಿಗೆ ಹೋದರು, ಯಾರು ಡಿಸ್ಚಾರ್ಜ್ ಆದರು ಎಂದು. ದಿನದ ಲೆಕ್ಕ ತಾಳೆ ಆಗಬೇಕಾದ್ದರಿಂದ ಸಿಸ್ಟರುಗಳು ಈ ಪುಸ್ತಕವನ್ನು ಬಿಡುವಂತಿಲ್ಲ. ರೋಗಿಯ ಹೆಸರು ತಪ್ಪಿರಬಹುದು, ಆದರೆ ತಲೆಗಳ ಲೆಕ್ಕ ತಪ್ಪಿದರೆ ರಾತ್ರಿ ಪಾಳಿಯವಳು ಮನೆಗೆ ಹೋಗಲಾರಳು. ಆ ಪುಸ್ತಕದಲ್ಲಿ ಸಿಕ್ಕಿತು: ಸ್ಕ್ಯಾನಿನಲ್ಲಿ ತಲೆ ಸರಿಯಿದೆ ಎಂದಾದ ಮೇಲೆ ಭಾನುವಾರ ಸಂಜೆ ಗಂಡಸರ ಮೂಳೆ ವಾರ್ಡಿಗೆ ಸಾಗಿಸಿದ್ದಾರೆ. ತಲೆಯಲ್ಲಿ ರಕ್ತ ಸಿಕ್ಕಿದ್ದರೆ ನ್ಯೂರೋಸರ್ಜರಿಯವರು ಅವನನ್ನು ತಮ್ಮ ಕಡೆ ತೆಗೆದುಕೊಳ್ಳುತ್ತಿದ್ದರು, ಆಗ ಕಾಲು ಮುರಿದಿದ್ದರೂ ಮೂಳೆ ವಾರ್ಡಿನಲ್ಲಿ ಹುಡುಕಿ ಪ್ರಯೋಜನ ಇರುತ್ತಿರಲಿಲ್ಲ. ಎರಡು ಗಾಯ ಇದ್ದಾಗ, ಜೀವಕ್ಕೆ ಹೆಚ್ಚು ಅಪಾಯದ ಗಾಯ ಯಾವುದೋ ಆ ವಿಭಾಗದಲ್ಲೇ ರೋಗಿ ಇರುತ್ತಾನೆ.

ಮೂಳೆ ವಾರ್ಡಿನ ಪುಸ್ತಕದಲ್ಲಿ ಅವನ ಎದುರಿಗೆ ಹಾಸಿಗೆ ಇಪ್ಪತ್ತೆರಡು. ಅಲ್ಲಿ ಹೋದರೆ ಬೇರೆ ಯಾರೋ ಒಬ್ಬ ಮುದುಕ ಮಲಗಿದ್ದಾನೆ. ಆಕೆ ಅಲ್ಲೇ ಕುಸಿದು ಕೂತುಬಿಟ್ಟಳು. ಬೆಳಿಗ್ಗೆ ಆ ಹಾಸಿಗೆಯಿಂದ ಅವನನ್ನು ಆಪರೇಷನ್ನಿಗೆ ಒಯ್ದಿದ್ದರು, ಆಪರೇಷನ್ ಆದವರನ್ನು ಕೆಲವು ತಾಸು ಪಕ್ಕದ ಕೋಣೆಯಲ್ಲಿ ನೋಡಿಕೊಳ್ಳುತ್ತಾರೆ, ಅಷ್ಟರಲ್ಲಿ ನೆಲದ ಮೇಲಿದ್ದ ಮುದುಕನಿಗೆ ಮಂಚ ಕೊಟ್ಟಿದ್ದರು. ಇದು ಎಲ್ಲಿಯೂ ಬರೆದಿರಲಿಲ್ಲ. ಗೊತ್ತಿದ್ದದ್ದು ಆ ಯುನಿಟ್ಟಿನ ರೆಸಿಡೆಂಟ್ ಡಾಕ್ಟರಿಗೆ ಮಾತ್ರ. "ಶನಿವಾರ್ ಕೇ ಇಮರ್ಜೆನ್ಸಿ ವಾಲೇ ಯುನಿಟ್ ಕಾ ಡಾಕ್ಟರ್ ಕೌನ್ ಹೈ" ಎಂದು ಕೇಳಿದ್ದಕ್ಕೆ ಒಬ್ಬ ಹುಡುಗ ಎದ್ದು ಬಂದ, ತೊಡೆಯ ಫ್ರಾಕ್ಚರ್, ರಾಡ್ ಹಾಕಿದ್ದೇವೆ, ಸಂಜೆ ವಾರ್ಡಿಗೆ ಬರುತ್ತಾನೆ ಎಂದ. ಯುನಿಟ್ ಗೊತ್ತಿಲ್ಲದೆ ಬರೀ ವಾರ್ಡಿನಲ್ಲಿ ನಿಂತಿದ್ದರೆ, ಬೇರೆ ಯುನಿಟ್ಟಿನ ಡಾಕ್ಟರು "ನನ್ನ ಪೇಶಂಟ್ ಅಲ್ಲ" ಎಂದು ಹೋಗುತ್ತಿದ್ದರು. ಅವರಿಗೆ ನಿಜಕ್ಕೂ ಗೊತ್ತಿರುವುದಿಲ್ಲ.

ಹಾಸಿಗೆಯ ಹತ್ತಿರ ನಿಂತಾಗ ನೋಡಬೇಕಾದ ಗುರುತುಗಳನ್ನೂ ಹೇಳಿಬಿಡುತ್ತೇನೆ. ಮಂಚ ಖಾಲಿ, ಆದರೆ ಚೀಲ, ಬಾಟಲಿ, ಚಪ್ಪಲಿ ಅಲ್ಲೇ ಇವೆ, ಫೈಲ್ ಮಾತ್ರ ಇಲ್ಲ ಎಂದರೆ ಅವನು ಎಕ್ಸ್‌ರೇ, ಸ್ಕ್ಯಾನ್ ಅಥವಾ ಆಪರೇಷನ್ನಿಗೆ ಹೋಗಿದ್ದಾನೆ, ಫೈಲು ರೋಗಿಯ ಜೊತೆಗೇ ತಿರುಗುತ್ತದೆ. ಸಾಮಾನು ಇಲ್ಲ, ಹಾಸು ಹೊಸದು ಎಂದರೆ ಟ್ರಾನ್ಸ್‌ಫರ್ ಅಥವಾ ಡಿಸ್ಚಾರ್ಜ್, ಪುಸ್ತಕದ ಹತ್ತಿರ ಹೋಗಿ. ಮಂಚಗಳೆಲ್ಲ ನೋಡಿ ಇಲ್ಲ ಎನ್ನುವವರು ನೆಲ ನೋಡಿರುವುದಿಲ್ಲ. ಇಮರ್ಜೆನ್ಸಿಯ ಮರುದಿನ ವಾರ್ಡು ತುಂಬಿ, ಎರಡು ಮಂಚಗಳ ನಡುವೆ ಮತ್ತು ಕೆಲವೊಮ್ಮೆ ಹೊರಗಿನ ಪಡಸಾಲೆಯಲ್ಲೂ ಗಾದಿ ಹಾಸಿರುತ್ತಾರೆ. ಅಂಥ ರೋಗಿಗೆ ಸ್ವಂತ ನಂಬರ್ ಇರುವುದಿಲ್ಲ, ಪಕ್ಕದ ಮಂಚದ ನಂಬರಿನ ಜೊತೆ ಒಂದು ಅಕ್ಷರ ಸೇರಿಸಿರುತ್ತಾರೆ ಅಥವಾ ಸುಮ್ಮನೆ "ಫ್ಲೋರ್" ಎನ್ನುತ್ತಾರೆ. ಆದರೆ ತೊಡೆಯ ಮೂಳೆ ಮುರಿದು, ಆಪರೇಷನ್ನಿಗೆ ಕಾಯುತ್ತ ಕಾಲಿಗೆ ತೂಕ ಕಟ್ಟಿರುವವನನ್ನು ನೆಲದ ಮೇಲೆ ಹುಡುಕಬೇಡಿ. ತೂಕ ಕೆಳಗೆ ಜೋತಾಡಬೇಕು, ಅದಕ್ಕೆ ಮಂಚವೇ ಬೇಕು. ಹೇಗಾದರೂ ಮಾಡಿ ಅವನಿಗೆ ಮಂಚ ಕೊಟ್ಟಿರುತ್ತೇವೆ.

ಯಾರನ್ನು ಏನು ಕೇಳಬೇಕು ಎಂದಿರಿ. ಬಾಗಿಲಲ್ಲಿ ನಿಂತ ಸೆಕ್ಯುರಿಟಿಯವನಿಗೆ ವಾರ್ಡು ಎಲ್ಲಿದೆ ಎಂದು ಗೊತ್ತು, ಅಲ್ಲಿ ಯಾರಿದ್ದಾರೆ ಎಂದು ಗೊತ್ತಿಲ್ಲ. ನಿಮಗೆ ಒಬ್ಬರು ಹಳೇ ಬಿಲ್ಡಿಂಗ್, ಇನ್ನೊಬ್ಬರು ಮೇಲಿನ ಮಜಲಾ ಎಂದದ್ದು ಹೀಗೇ ಇರಬೇಕು. ರೋಗಿ ಎಲ್ಲಿ ಎಂದು ದಾರಿ ಮಾತ್ರ ಗೊತ್ತಿರುವವರನ್ನು ಕೇಳಿದರೆ ಅವರು ಅಂದಾಜಿನ ಮೇಲೆ ಕೈ ತೋರಿಸುತ್ತಾರೆ. ಸೆಕ್ಯುರಿಟಿಯವನನ್ನು ದಾರಿ ಮಾತ್ರ ಕೇಳಿ. ಹಳೆಯ ಕಟ್ಟಡಗಳಲ್ಲಿ ವಾರ್ಡಿನ ನಂಬರಿಗೂ ಮಹಡಿಗೂ ಸಂಬಂಧ ಇರುವುದಿಲ್ಲ, ಇಪ್ಪತ್ತರ ಪಕ್ಕದಲ್ಲೇ ಇಪ್ಪತ್ತೊಂದು ಇರಬೇಕೆಂದೂ ಇಲ್ಲ. ಹಾಗಾಗಿ "ಜುನಿ ಬಿಲ್ಡಿಂಗ್ ಕೀ ನವಿ, ಕಿತವಾ ಮಜಲಾ" ಎಂದು ಕಟ್ಟಡ, ಮಹಡಿ ಎರಡನ್ನೂ ಬಾಯಿಬಿಟ್ಟು ಕೇಳಿ. ತಳಮಜಲಾ ಎಂದರೆ ನೆಲಮಹಡಿ, ಪಹಿಲಾ ಮಜಲಾ ಅದರ ಮೇಲಿನದು. ಬೋರ್ಡುಗಳಲ್ಲಿ ಮೂಳೆ ವಿಭಾಗ "ಅಸ್ಥಿವ್ಯಂಗ" ಎಂದೂ, ಸರ್ಜರಿ "ಶಲ್ಯಚಿಕಿತ್ಸಾ" ಎಂದೂ, ಐಸಿಯು "ಅತಿದಕ್ಷತಾ ವಿಭಾಗ" ಎಂದೂ, ವಾರ್ಡು "ಕಕ್ಷ" ಎಂದೂ ಇರುತ್ತದೆ. ನೀವು ವಿಜಯಪುರದ ಕಡೆಯವರು, ಮರಾಠಿ ಅಕ್ಷರ ತೊಡಕಾಗಲಿಕ್ಕಿಲ್ಲ.

ವಾರ್ಡಿನ ಒಳಗೆ ಕಸ ಗುಡಿಸುವ, ಬೆಡ್‌ಪ್ಯಾನ್ ಕೊಡುವ ಮಾವಶಿ ಮತ್ತು ಸ್ಟ್ರೆಚರ್ ತಳ್ಳುವ ಮಾಮಾ, ಇವರಿಗೆ ಮುಖ ಗೊತ್ತಿರುತ್ತದೆ, ಹೆಸರು ಗೊತ್ತಿರುವುದಿಲ್ಲ. ಫೋಟೋ ತೋರಿಸಬೇಕಾದದ್ದು ಇವರಿಗೆ. ಪುಸ್ತಕ ಸಿಸ್ಟರ ಹತ್ತಿರ. ಪಾಳಿ ಬದಲಾಗುವಾಗ, ಅಂದರೆ ಬೆಳಿಗ್ಗೆ ಏಳು ಎಂಟು, ಮಧ್ಯಾಹ್ನ ಎರಡರ ಸುಮಾರು, ರಾತ್ರಿ ಎಂಟು ಒಂಬತ್ತರ ಹೊತ್ತಿಗೆ ಅವಳನ್ನು ಕೇಳಲು ಹೋಗಬೇಡಿ. ಆಗ ಒಬ್ಬಳು ಇನ್ನೊಬ್ಬಳಿಗೆ ಎಣಿಸಿ ಒಪ್ಪಿಸುತ್ತಿರುತ್ತಾಳೆ, ನಿಮ್ಮ ಪ್ರಶ್ನೆಗೆ ಸಿಗುವುದು ಸಿಟ್ಟು ಮಾತ್ರ. ಅರ್ಧ ತಾಸು ಬಿಟ್ಟು ಹೋದರೆ ಅದೇ ಸಿಸ್ಟರ್ ಪುಸ್ತಕ ತೆರೆಯುತ್ತಾಳೆ. ಬೆಳಗಿನ ರೌಂಡಿನ ಹೊತ್ತಿಗೆ ಸಂಬಂಧಿಕರನ್ನೆಲ್ಲ ಹೊರಗೆ ಹಾಕುತ್ತಾರೆ, ಆದರೆ ಯುನಿಟ್ಟಿನ ಡಾಕ್ಟರುಗಳೆಲ್ಲ ಒಟ್ಟಿಗೆ ಸಿಗುವುದೂ ಆಗಲೇ, ವಾರ್ಡಿನ ಬಾಗಿಲಲ್ಲಿ ಕಾದು ಅವರು ಹೊರಬರುವಾಗ ಕೇಳಿ.

ಪಾಸಿನ ತಂಟೆಯೂ ಇದೆ. ಒಬ್ಬ ರೋಗಿಗೆ ಇಂತಿಷ್ಟೇ ಜನ ಎಂದು ಪಾಸ್ ಕೊಡುತ್ತಾರೆ, ಅದು ಅಡ್ಮಿಟ್ ಮಾಡಿದವನ ಜೇಬಿನಲ್ಲಿ ಇರುತ್ತದೆ, ಅವನು ಸೈಟಿನಲ್ಲಿ. "ಪಾಸ್ ಇಲ್ಲ, ಊರಿನಿಂದ ಈಗ ಬಂದೆ, ಕ್ಯಾಜುಲ್ಟಿಯ ಚೀಟಿ ಇದೆ" ಎಂದು ಆ ಚೀಟಿ ತೋರಿಸಿದರೆ ಸಾಮಾನ್ಯವಾಗಿ ಒಂದು ಸಲ ಒಳಗೆ ಬಿಡುತ್ತಾರೆ. ಕ್ಯಾಜುಲ್ಟಿಯಿಂದ ಚೀಟಿ ಬರೆಸಿಕೊಳ್ಳಿ ಎಂದದ್ದು ಇದಕ್ಕೂ ಹೌದು. ಹುಡುಕಿಕೊಡುತ್ತೇನೆ ಇಷ್ಟು ಕೊಡಿ ಎನ್ನುವವರು ಗೇಟಿನ ಹೊರಗೆ ಸಿಗುತ್ತಾರೆ. ರಿಜಿಸ್ಟರ್ ನೋಡಲು ಎಲ್ಲಿಯೂ ಹಣ ಇಲ್ಲ.

ಈಗ ಕಷ್ಟದ ಸಂಗತಿ. ಪ್ರಜ್ಞೆ ಇಲ್ಲದೆ, ಗುರುತು ಹೇಳುವವರಿಲ್ಲದೆ ಬಂದವನ ಹೆಸರಿನ ಖಾನೆಯಲ್ಲಿ "ಅನ್‌ನೋನ್ ಮೇಲ್" ಎಂದು ಬರೆದು ಅಂದಾಜು ವಯಸ್ಸು ಹಾಕಿರುತ್ತಾರೆ. ತಂದು ಬಿಟ್ಟವರು ಓಡಿಹೋಗುವುದೂ ಉಂಟು, ಪೊಲೀಸ್ ಕೇಸಿನ ಹೆದರಿಕೆ. ಹೆಸರಿನಿಂದ ಹುಡುಕಿದರೆ ಇಂಥವನು ಯಾವ ಜನ್ಮಕ್ಕೂ ಸಿಗುವುದಿಲ್ಲ. ಆ ರಾತ್ರಿ ಅನ್‌ನೋನ್ ಯಾರಾದರೂ ಬಂದಿದ್ದರಾ ಎಂದು ಕಾನ್‌ಸ್ಟೇಬಲ್ಲನ್ನು ಕೇಳಿ. ಆಸ್ಪತ್ರೆಯ ಸಮಾಜಸೇವಾ ವಿಭಾಗದವರ ಹತ್ತಿರವೂ ಗುರುತಿಲ್ಲದವರ ಪಟ್ಟಿ ಇರುತ್ತದೆ, ಹಗಲು ಹೊತ್ತು ಅವರು ಸಿಗುತ್ತಾರೆ. ಫೋಟೋಗಿಂತ ಮೈಮೇಲಿನ ಗುರುತು ಹೆಚ್ಚು ಕೆಲಸಕ್ಕೆ ಬರುತ್ತದೆ, ಬಾತ ಮುಖ ಅಣ್ಣತಮ್ಮಂದಿರಿಗೇ ಗೊತ್ತಾಗುವುದಿಲ್ಲ. ತೋಳಿನ ಹಚ್ಚೆ, ಕೊರಳಿನ ಲಿಂಗ ಅಥವಾ ತಾಯಿತ, ಹಳೇ ಹೊಲಿಗೆ ಗಾಯ, ತುಂಡಾದ ಬೆರಳು, ಇವನ್ನು ಮನೆಯಲ್ಲಿ ಕೇಳಿಕೊಂಡು ಬರೆದಿಟ್ಟುಕೊಂಡು ಬನ್ನಿ. ಗುರುತು ಸಿಕ್ಕಿದ ಮೇಲೆ ಆಧಾರ್ ಕಾರ್ಡ್ ತೋರಿಸಿ ಕೇಸ್ ಪೇಪರಿನಲ್ಲಿ ಹೆಸರು ತಿದ್ದಿಸಿಕೊಳ್ಳಿ. ಆ ಕೆಲಸ ಡಿಸ್ಚಾರ್ಜಿನ ದಿನಕ್ಕೆ ಬಿಟ್ಟರೆ, ಮುಂದೆ ಪರಿಹಾರಕ್ಕೆ ಅರ್ಜಿ ಹಾಕುವಾಗ ಆ ಕಾಗದಗಳು ನಿಮ್ಮ ತಮ್ಮನದೇ ಎಂದು ಸಾಬೀತು ಮಾಡುವುದು ಬೇರೆಯೇ ಪಾಡು.

ಪುಸ್ತಕದಲ್ಲಿ "ಡಾಮಾ" ಎಂದಿದ್ದರೆ ಡಾಕ್ಟರು ಬೇಡವೆಂದರೂ ಸಹಿ ಹಾಕಿ ಕರೆದುಕೊಂಡು ಹೋಗಿದ್ದಾರೆ ಎಂದು ಅರ್ಥ. ಸಹಿ ಯಾರದು ಎಂದು ಕೇಳಿ, ಮುಕಾದಮನೇ ಬೇರೆ ಖಾಸಗಿ ಆಸ್ಪತ್ರೆಗೆ ಒಯ್ದಿರಬಹುದು. ತೀರಿಕೊಂಡಿದ್ದರೆ ನೀವೇ ಶವಾಗಾರ ಹುಡುಕಿಕೊಂಡು ಹೋಗಬೇಡಿ. ಎಂ.ಎಲ್.ಸಿ. ಆದ್ದರಿಂದ ಪೊಲೀಸರ ಕಾಗದ ಇಲ್ಲದೆ ಅಲ್ಲಿ ಏನೂ ನಡೆಯುವುದಿಲ್ಲ, ಕ್ಯಾಜುಲ್ಟಿಯ ಕಾನ್‌ಸ್ಟೇಬಲ್ಲಿನಿಂದಲೇ ಶುರು ಮಾಡಿ.

ಪುಣೆಯ ಸಸೂನಿನಲ್ಲೂ ದಾರಿ ಇದೇ. ಆಸ್ಪತ್ರೆ ರೈಲ್ವೆ ಸ್ಟೇಷನ್ನಿನ ಹತ್ತಿರವೇ, ಹಳೆಯ ಕಲ್ಲಿನ ಕಟ್ಟಡ ಮತ್ತು ಹನ್ನೊಂದು ಮಹಡಿಯ ಹೊಸ ಕಟ್ಟಡ ಎರಡೂ ಇರುವುದರಿಂದ ಮಹಡಿಯ ಜೊತೆ ಕಟ್ಟಡವನ್ನೂ ಕೇಳಿ. ಗೋವಾದ ಕತೆ ಸ್ವಲ್ಪ ಬೇರೆ. ವಾಸ್ಕೋ, ಝುವಾರಿನಗರದ ನಮ್ಮ ಕೆಲಸಗಾರರನ್ನು ಮೊದಲು ಚಿಕಾಲಿಂ ಆಸ್ಪತ್ರೆಗೆ, ಮಡಗಾಂವ್ ಕಡೆಯವರನ್ನು ಅಲ್ಲಿನ ಜಿಲ್ಲಾ ಆಸ್ಪತ್ರೆಗೆ, ಉತ್ತರದವರನ್ನು ಮಾಪಸಾದ ಜಿಲ್ಲಾ ಆಸ್ಪತ್ರೆಗೆ ಒಯ್ಯುವುದು ಹೆಚ್ಚು. ದೊಡ್ಡ ಗಾಯವಾದರೆ ಅಲ್ಲಿಂದ ಬಾಂಬೋಳಿಗೆ. ಆದ್ದರಿಂದ ಬಾಂಬೋಳಿಗೆ ನೇರ ಹೋಗುವ ಬದಲು ಮೊದಲಿನ ಆಸ್ಪತ್ರೆಗೆ ಫೋನ್ ಮಾಡಿ, ಎಷ್ಟು ಗಂಟೆಗೆ ಕಳಿಸಿದಿರಿ ಎಂದು ಕೇಳಿ. ಆ ಗಂಟೆಯ ನಂತರದ ಸಾಲುಗಳನ್ನೇ ಬಾಂಬೋಳಿಯ ಕ್ಯಾಜುಲ್ಟಿಯಲ್ಲಿ ನೋಡಿಸಬೇಕು. ಪಣಜಿಯಿಂದ ಮಡಗಾಂವ್ ದಾರಿಯ ಬಸ್ಸಿನಲ್ಲಿ ಕೂತು, ಬಾಂಬೋಳಿ ಆಸ್ಪತ್ರೆಗೆ ಅಲ್ಲಿಯವರು ಕರೆಯುವ ಹೆಸರಾದ ಜಿಎಂಸಿ ಎಂದರೆ ಹೆದ್ದಾರಿಯ ಮೇಲೇ ಇಳಿಸುತ್ತಾರೆ. ಮಾನಸಿಕ ಆಸ್ಪತ್ರೆ ಮತ್ತು ದಂತ ಕಾಲೇಜು ಕೂಡ ಬಾಂಬೋಳಿಯಲ್ಲೇ ಇರುವುದರಿಂದ, ಇಳಿದ ಮೇಲೆ ಜಿಎಂಸಿಯ ಕ್ಯಾಜುಲ್ಟಿ ಎಂದೇ ಕೇಳಿ.